ಕಾರ್ಡು ಬರೆದ ಐದು ಕೈ, ಅದನ್ನು ಓದಿಕೊಟ್ಟ ಹಲವು ಕಣ್ಣು: ಒಂದು ಕೃತಜ್ಞತೆ

ಮಲ್ಲೇಶ್ವರದ ನಮ್ಮ ವಾಚನಾಲಯದ ಹನ್ನೆರಡು ಡ್ರಾಯರುಗಳ ಕೈಬರಹದ ಕಾರ್ಡುಗಳು ಕಳೆದ ವಾರ ಪೂರ್ತಿಯಾಗಿ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದ ಕ್ಯಾಟಲಾಗಿಗೆ ಬಂದು ಸೇರಿದವು. ಹೊರಗಿನಿಂದ ನೋಡಿದವರಿಗೆ ಇದು ಕಾರ್ಡು ನೋಡಿಕೊಂಡು ಟೈಪ್ ಮಾಡುವ ಕೆಲಸ. ಅಷ್ಟೇ ಆಗಿದ್ದರೆ ಎರಡು ತಿಂಗಳು ಸಾಕಿತ್ತು, ಹಿಡಿದದ್ದು ಹದಿನಾಲ್ಕು. ಉಳಿದ ಹನ್ನೆರಡು ತಿಂಗಳು ಎಲ್ಲಿ ಹೋಯಿತು ಎಂದು ಬಿಡಿಸಿ ಹೇಳಿದರೇ ಯಾರಿಗೆ ಯಾಕೆ ಋಣಿಗಳೆಂದು ಸ್ಪಷ್ಟವಾಗುವುದು.

ಮೊದಲ ವಂದನೆ, ವಾರಕ್ಕೆರಡು ದಿನ ಬಂದು ಕಾರ್ಡಿನ ಮೇಲಿನ ಕೈ ಯಾರದೆಂದು ಗುರುತಿಸಿಕೊಟ್ಟ ನಿವೃತ್ತ ಗ್ರಂಥಪಾಲಕಿ ಮೇಡಂ ಅವರಿಗೆ. ಬರೆದವರು ಐದು ಜನ. ಅಕ್ಷರ ಓದುವುದು ಕಷ್ಟವಾದೀತು ಎಂದುಕೊಂಡಿದ್ದೆವು. ಆದರೆ ಅಕ್ಷರವೆಲ್ಲ ಮುತ್ತು ಪೋಣಿಸಿದ ಹಾಗಿದೆ, ಕಾಡಿದ್ದು ‘ಸಂ.’ ಎಂಬ ಒಂದು ಸಂಕ್ಷೇಪ. ಒಬ್ಬರ ಕೈಯಲ್ಲಿ ‘ಸಂ. ೨’ ಎಂದರೆ ಎರಡನೇ ಸಂಪುಟ. ಇನ್ನೊಬ್ಬರ ಕೈಯಲ್ಲಿ ಅದೇ ‘ಸಂ. ೨’ ಎಂದರೆ ಎರಡನೇ ಸಂಸ್ಕರಣ. ಹೆಸರಿನ ಹಿಂದೆ ಬಂದರೆ ಸಂಪಾದಕರು, ‘ಪಾರ್ಥಿವ’ದ ಮುಂದೆ ಬಂದರೆ ಸಂವತ್ಸರ. ಕೊನೆಯ ಎರಡು ಜಾಗ ನೋಡಿದರೆ ತಿಳಿಯುತ್ತದೆ, ಮೊದಲ ಎರಡು ತಿಳಿಯುವುದಿಲ್ಲ. ಸಂಸ್ಕರಣವನ್ನು ಸಂಪುಟವೆಂದು ಓದಿಬಿಟ್ಟರೆ ಇಲ್ಲದ ಮೊದಲ ಸಂಪುಟವನ್ನು ಹುಡುಕುತ್ತ ಓದುಗ ರ‍್ಯಾಕಿನ ಮುಂದೆ ನಿಂತಿರುತ್ತಾನೆ.

ಮೇಡಂ ತೋರಿಸಿದ ದಾರಿ ಇದು. ಡ್ರಾಯರಿನಲ್ಲಿ ಕಾರ್ಡುಗಳು ಅಕಾರಾದಿಯಾಗಿರುವುದರಿಂದ ಐದೂ ಕೈಗಳು ಅಲ್ಲಿ ಕಲಸಿಹೋಗಿವೆ. ಕಾರ್ಡಿನ ಫೋಟೋಗಳನ್ನು ಅಕ್ಸೆಶನ್ ನಂಬರಿನ, ಅಂದರೆ ಪುಸ್ತಕ ಬಂದ ಕ್ರಮದಲ್ಲಿ ರಿಜಿಸ್ಟರಿನಲ್ಲಿ ಕೊಟ್ಟ ನಂಬರಿನ ಪ್ರಕಾರ ಜೋಡಿಸಿದರೆ ಕೈಗಳು ತಾವಾಗಿಯೇ ಬೇರೆಯಾಗುತ್ತವೆ, ಯಾಕೆಂದರೆ ಒಬ್ಬರು ಕೆಲಸದಲ್ಲಿದ್ದಷ್ಟು ಕಾಲ ಬಂದ ಪುಸ್ತಕಗಳಿಗೆ ಅವರದೇ ಬರಹ. ಹಾಗೆ ಬೇರೆಯಾದ ಪ್ರತಿ ಕೈಯಿಂದ ಇಪ್ಪತ್ತು ಕಾರ್ಡು ತೆಗೆದು, ಆ ಪುಸ್ತಕಗಳನ್ನು ಸ್ಟ್ಯಾಕಿನಿಂದ ತರಿಸಿ, ಶೀರ್ಷಿಕೆ ಪುಟದೊಡನೆ ಹೋಲಿಸಿ, ಆ ಕೈಗೆ ‘ಸಂ.’, ‘ಮು.’, ‘ಪ್ರ.’ ಎಂದರೆ ಏನೆಂದು ಒಂದು ಹಾಳೆಯಲ್ಲಿ ಬರೆದುಕೊಂಡೆವು. ಮೂರನೇ ಕೈಯವರ ‘ಪ್ರ. ೨’ ಪ್ರಕಾಶಕರಲ್ಲ, ಪ್ರಕಟಣೆಯೂ ಅಲ್ಲ, ಎರಡನೇ ಪ್ರತಿ ಎಂದು ಗೊತ್ತಾದದ್ದು ಹೀಗೆ.

ಇದರಲ್ಲೂ ಒಂದು ತೊಡಕಿತ್ತು, ಅದನ್ನು ಹಿಡಿದವರೂ ಮೇಡಂ ಅವರೇ. ಸವೆದ ಕಾರ್ಡುಗಳನ್ನು ಐದನೇ ಕೈಯವರು ಹೊಸದಾಗಿ ನಕಲು ಮಾಡಿದ್ದಾರೆ. ಬರಹ ಅವರದು, ಸಂಕ್ಷೇಪ ಹಳಬರದು! ಅಂಥ ಕಾರ್ಡಿಗೆ ಐದನೇ ಕೈಯ ಹಾಳೆ ಹಿಡಿದು ಅರ್ಥ ಮಾಡಿದರೆ ತಪ್ಪುತ್ತದೆ. ಗುರುತು ಸುಲಭ: ಮೇಲಂಚಿನಲ್ಲಿ ಬೆರಳಾಡಿದ ಕಪ್ಪು ಇರುವುದಿಲ್ಲ, ಅಕ್ಸೆಶನ್ ನಂಬರು ಮಾತ್ರ ಬಹಳ ಹಿಂದಿನದಾಗಿರುತ್ತದೆ. ಹಾಗಿದ್ದರೆ ನಂಬರು ಯಾವ ಕೈಯ ಕಾಲದ್ದೋ ಆ ಕೈಯ ಹಾಳೆಯನ್ನೇ ನೋಡಬೇಕು.

ಎರಡನೆಯ ವಂದನೆ ಟೈಪಿಸಿದ ನಾಲ್ವರಿಗೆ. ಒಂದೇ ಕಾರ್ಡನ್ನು ಇಬ್ಬರು ಬೇರೆ ಬೇರೆಯಾಗಿ, ಒಬ್ಬರದನ್ನೊಬ್ಬರು ನೋಡದೆ ಹೊಡೆಯಬೇಕಿತ್ತು. ಎರಡನ್ನೂ ಹೋಲಿಸಿ ವ್ಯತ್ಯಾಸ ಬಂದದ್ದನ್ನಷ್ಟೇ ಮೂರನೆಯವರು ಫೋಟೋ ನೋಡಿ ತೀರ್ಮಾನಿಸುವುದು. ಅವರಿಗಿದ್ದ ಕಟ್ಟಪ್ಪಣೆ ಒಂದೇ, ತಿದ್ದಬಾರದು. ‘ಧರ್ಮ್ಮ’ ಎಂದಿದ್ದರೆ ‘ಧರ್ಮ್ಮ’, ‘ಬೆಂ.’ ಎಂದಿದ್ದರೆ ‘ಬೆಂ.’ ಎಂದೇ ಹೊಡೆಯಬೇಕು. ತಿದ್ದಿದ ರೂಪಕ್ಕೆ ಪಕ್ಕದಲ್ಲಿ ಬೇರೆ ಕಾಲಂ. ಕನ್ನಡ ಚೆನ್ನಾಗಿ ಬಲ್ಲವರಿಗೆ ಕಣ್ಣೆದುರಿನ ತಪ್ಪನ್ನು ಹಾಗೇ ಹೊಡೆಯುವುದು ಹಿಂಸೆ, ಆದರೂ ಸಹಿಸಿಕೊಂಡರು. ‘ಸಂ.’ ವಿಷಯದಲ್ಲಿ ನಮ್ಮ ಮೊದಲ ತೀರ್ಮಾನ ತಪ್ಪಿದಾಗ ಹಿಂದಿರುಗಲು ಮೂಲ ಉಳಿದದ್ದು ಆ ಸಹನೆಯಿಂದ.

ಅವರನ್ನು ಗೋಳುಹೊಯ್ದುಕೊಂಡದ್ದು ಸ್ಪ್ರೆಡ್‌ಶೀಟ್. ಪುಸ್ತಕದ ವಿಷಯ ತಿಳಿಸುವ ನಮ್ಮ ಹಳೆಯ ಕಾಲ್ ನಂಬರುಗಳಲ್ಲಿ ಒಂದು ಭಾಗ ರಂಗನಾಥನ್ ಅವರ ಕೋಲನ್ ವರ್ಗೀಕರಣ ಪದ್ಧತಿಯವು. ಆ ಪದ್ಧತಿಯಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ 2, ಕ್ಯಾಟಲಾಗಿಂಗಿಗೆ 2:55. ಅದನ್ನು ಹೊಡೆದೊಡನೆ ಸ್ಪ್ರೆಡ್‌ಶೀಟ್ ಮಧ್ಯಾಹ್ನವೋ ರಾತ್ರಿಯೋ ಎರಡು ಗಂಟೆ ಐವತ್ತೈದು ನಿಮಿಷ ಎಂದುಕೊಳ್ಳುತ್ತದೆ. ‘5/62’ ಎಂಬ ಅಕ್ಸೆಶನ್ ನಂಬರು 1962ರ ಮೇ ತಿಂಗಳಾಗುತ್ತದೆ. ಮೊದಲಿಗೇ ಎಲ್ಲ ಕಾಲಂಗಳನ್ನೂ ಟೆಕ್ಸ್ಟ್ ಎಂದು ಗೊತ್ತುಮಾಡಿ ಆಮೇಲೆ ಹೊಡೆಯಬೇಕು; ಹೊಡೆದಾದ ಮೇಲೆ ಬದಲಿಸಿದರೆ ಕಳೆದುಹೋದದ್ದು ಬರುವುದಿಲ್ಲ. ಮೊದಲ ಡ್ರಾಯರನ್ನು ಎರಡು ಸಲ ಹೊಡೆಯಬೇಕಾಯಿತು. ಆ ತಪ್ಪು ನಮ್ಮದು, ಅವರದಲ್ಲ.

ಮೂರನೆಯ ವಂದನೆ, ಸೊನ್ನೆಯ ಗುಟ್ಟು ಒಡೆದ ಎಂಜಿನಿಯರಿಂಗ್ ವಿದ್ಯಾರ್ಥಿಗೆ. ‘ಸಂಗೀತ’ ಎಂದು ಹುಡುಕಿದರೆ ನಮ್ಮಲ್ಲಿರುವ ಪುಸ್ತಕಗಳಲ್ಲಿ ಕೆಲವು ಬರುತ್ತಿದ್ದವು, ಕೆಲವು ಬರುತ್ತಿರಲಿಲ್ಲ. ಪರದೆಯ ಮೇಲೆ ಎರಡೂ ಒಂದೇ. ಒಳಗೆ ನೋಡಿದರೆ ಕೆಲವರು ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಹೊಡೆದಿದ್ದರು. ಅನುಸ್ವಾರ U+0C82, ಸೊನ್ನೆ U+0CE6. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಸಂಬಂಧವಿಲ್ಲದ ಎರಡು ಅಕ್ಷರ. ತಿರುಗಾಮುರುಗಾ ಕೂಡ ಆಗಿತ್ತು, ‘೧೦೦ ಪು.’ ಎಂಬಲ್ಲಿ ಒಂದರ ಮುಂದೆ ಎರಡು ಅನುಸ್ವಾರ. ಆತ ಬರೆದುಕೊಟ್ಟದ್ದು ಇಷ್ಟೇ:

```python
import re, unicodedata
s = unicodedata.normalize('NFC', s)
s = re.sub(r'(?<=[\u0C85-\u0CCC])\u0CE6', '\u0C82', s)
s = re.sub(r'(?<=[\u0CE6-\u0CEF])\u0C82+',
           lambda m: '\u0CE6' * len(m.group()), s)
```

ಅಕ್ಷರದ ಬೆನ್ನಿಗೆ ಬಂದ ಸೊನ್ನೆ ಅನುಸ್ವಾರವಾಗುತ್ತದೆ, ಅಂಕಿಯ ಬೆನ್ನಿಗೆ ಬಂದ ಅನುಸ್ವಾರ ಸೊನ್ನೆಯಾಗುತ್ತದೆ. ಮೊದಲ ಹೆಜ್ಜೆಯ NFC, ಓತ್ವ ಈತ್ವದಂಥ ಚಿಹ್ನೆಗಳು ಬಿಡಿಬಿಡಿಯಾಗಿ ಕೂತಿದ್ದರೆ ಅವನ್ನು ಒಂದಾಗಿ ಕೂಡಿಸುತ್ತದೆ. ಇದನ್ನು ಶೀರ್ಷಿಕೆ, ಹೆಸರು, ಪುಟಗಳ ಕಾಲಂಗೆ ಮಾತ್ರ ಹಚ್ಚಬೇಕು. ನಮ್ಮ ಅಕ್ಸೆಶನ್ ನಂಬರುಗಳಲ್ಲಿ ‘ಕ೦೪೫’ ಎಂಬಂಥವು ಇವೆ. ಅಲ್ಲಿನ ಸೊನ್ನೆ ನಿಜವಾದ ಸೊನ್ನೆ, ಇದನ್ನು ಓಡಿಸಿದರೆ ಅದೂ ಅನುಸ್ವಾರವಾಗಿ ಕೂರುತ್ತದೆ. ದುಂಡಗಿನ ಇನ್ನೊಂದು ಮೋಸ ಕಾಲ್ ನಂಬರಿನದು: ಕೋಲನ್ ಪದ್ಧತಿಯಲ್ಲಿ ಸಾಹಿತ್ಯಕ್ಕೆ O ಎಂಬ ಇಂಗ್ಲಿಷ್ ಅಕ್ಷರ, ಕನ್ನಡ ಸಾಹಿತ್ಯಕ್ಕೆ O33. ಅದನ್ನು ಸೊನ್ನೆಯೆಂದು ಓದಿ 033 ಎಂದು ಹೊಡೆದರೆ ನಮ್ಮ ಕಾದಂಬರಿಗಳೆಲ್ಲ ಒಮ್ಮೆಲೇ ಪಟ್ಟಿಯ ತಲೆಗೆ ಹೋಗಿ ನಿಲ್ಲುತ್ತವೆ. ಕಾಲ್ ನಂಬರಿನ ಪ್ರಕಾರ ಸಾರ್ಟ್ ಮಾಡಿ ಮೊದಲ ಪುಟ ನೋಡಿದರೆ ಸಿಕ್ಕಿಬೀಳುವ ತಪ್ಪು ಇದು.

ನಾಲ್ಕನೆಯದು, ದಿನಕ್ಕೆ ಹತ್ತಾರು ಸಲ ಏಣಿ ಹತ್ತಿ ಪುಸ್ತಕ ಇಳಿಸಿಕೊಟ್ಟ ನಮ್ಮ ಅಟೆಂಡರ್ ಅಣ್ಣನಿಗೆ. ಅವರ ಕೆಲಸ ಎಲ್ಲಿ ಬೇಕಾಯಿತೆನ್ನಲು ಒಂದು ಕಾರ್ಡನ್ನೇ ನೋಡಿ. ತಲೆಯಲ್ಲಿ ‘ಶ್ರೀನಿವಾಸ’, ಕೆಳಗೆ ‘ಬೆಂ., ಪಾರ್ಥಿವ ಸಂ., ೬೬ ಪು.’

‘ಶ್ರೀನಿವಾಸ’ ಮಾಸ್ತಿ ವೆಂಕಟೇಶ ಅಯ್ಯಂಗಾರರ ಕಾವ್ಯನಾಮ ಎಂದು ಎಲ್ಲರಿಗೂ ಗೊತ್ತು. ಹಾಗೆಂದು ಶ್ರೀನಿವಾಸರನ್ನೆಲ್ಲ ಮಾಸ್ತಿಯವರಿಗೆ ಜೋಡಿಸಿದರೆ ಊರಿನ ಅರ್ಧ ಶ್ರೀನಿವಾಸರ ಪುಸ್ತಕ ಅವರ ಲೆಕ್ಕಕ್ಕೆ ಬೀಳುತ್ತದೆ. ನಾವಿಟ್ಟುಕೊಂಡ ನಿಯಮ: ಅದೇ ಅಕ್ಸೆಶನ್ ನಂಬರಿನ ಇನ್ನೊಂದು ಕಾರ್ಡು ಮಾಸ್ತಿಯವರ ಹೆಸರಿನಲ್ಲಿರಬೇಕು, ಇಲ್ಲವೇ ಪುಸ್ತಕದ ಶೀರ್ಷಿಕೆ ಪುಟ ಹಾಗೆ ಹೇಳಬೇಕು. ಒಂದೇ ಪುಸ್ತಕಕ್ಕೆ ಲೇಖಕರ ಕಾರ್ಡು, ಶೀರ್ಷಿಕೆಯ ಕಾರ್ಡು, ವಿಷಯದ ಕಾರ್ಡು ಎಂದು ಮೂರಿರುತ್ತವೆ; ನಂಬರಿನ ಮೇಲೆ ಅವನ್ನು ಒಟ್ಟುಗೂಡಿಸದೆ ಹೋದರೆ ಒಂದು ಪುಸ್ತಕ ಮೂರಾಗುತ್ತದೆ. ‘ಶ್ರೀನಿವಾಸ, ನೋಡಿ: ವೆಂಕಟೇಶ ಅಯ್ಯಂಗಾರ್, ಮಾಸ್ತಿ’ ಎಂಬ ಕಾರ್ಡಿಗಂತೂ ಪುಸ್ತಕವೇ ಇಲ್ಲ, ನಂಬರೂ ಇಲ್ಲ. ಅದು ಹೋಗಬೇಕಾದದ್ದು ಹೆಸರುಗಳ ಅಥಾರಿಟಿ ಕಡತಕ್ಕೆ, ಪರ್ಯಾಯ ಹೆಸರಾಗಿ. ‘Masti’ ಎಂದು ಇಂಗ್ಲಿಷಿನಲ್ಲಿ ಹುಡುಕುವವರಿಗಾಗಿ ಆ ರೂಪವನ್ನೂ ಅಲ್ಲೇ ಸೇರಿಸಿದೆವು.

ಈ ಪುಸ್ತಕದ ಶೀರ್ಷಿಕೆಯ ಕಾರ್ಡು ಮಾಸ್ತಿಯವರ ಹೆಸರು ಹೇಳಿತು. ಆದರೆ ಅದರಲ್ಲಿ ಪುಟ ೯೬. ಕನ್ನಡದ ಆರು, ಒಂಬತ್ತು ಅವಸರದ ಕೈಯಲ್ಲಿ ಒಂದೇ ಥರ ಕಾಣುತ್ತವೆ. ಟೈಪಿಸಿದವರಿಬ್ಬರೂ ಎರಡನ್ನೂ ಇದ್ದಂತೆಯೇ ಹೊಡೆದಿದ್ದರು, ತಪ್ಪಿದ್ದು ಕಾರ್ಡಿನಲ್ಲೇ. ಅಣ್ಣ ಪುಸ್ತಕ ಇಳಿಸಿದರು, ಕೊನೆಯ ಪುಟದ ಅಂಕಿ 96.

ಇಸವಿಗೆ ಪುಸ್ತಕ ನೆರವಾಗಲಿಲ್ಲ, ಶೀರ್ಷಿಕೆ ಪುಟದಲ್ಲೂ ‘ಪಾರ್ಥಿವ’ ಎಂದಷ್ಟೇ ಇತ್ತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ: ಪಾರ್ಥಿವ ಬಿದ್ದದ್ದು 1885ರಲ್ಲಿ, 1945ರಲ್ಲಿ, 2005ರಲ್ಲಿ. ಮಾಸ್ತಿ ಹುಟ್ಟಿದ್ದೇ 1891ರಲ್ಲಿ, ಆದ್ದರಿಂದ ಮೊದಲನೆಯದಲ್ಲ. ಪುಸ್ತಕ 1951ರಲ್ಲೇ ರಿಜಿಸ್ಟರಿಗೆ ಏರಿದೆ, ಆದ್ದರಿಂದ ಕೊನೆಯದಲ್ಲ. ಉಳಿದದ್ದು 1945. ಅಷ್ಟಕ್ಕೇ ನಿಲ್ಲುವಂತಿಲ್ಲ, ಸಂವತ್ಸರ ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ ಪುಸ್ತಕ 1946ರ ಮೊದಲ ಮೂರು ತಿಂಗಳಲ್ಲೂ ಬಂದಿರಬಹುದು. ಹಾಗಾಗಿ ಮಾರ್ಕ್ ಎಂಬ ಕ್ಯಾಟಲಾಗು ನಮೂನೆಯಲ್ಲಿ ನಮೂದು ಹೀಗಿದೆ:

```
008/06-14  q19451946
264 #1 $a ಬೆಂಗಳೂರು $c [1945 ಅಥವಾ 1946]
300 ## $a 96 ಪು.
500 ## $a ಕಾರ್ಡಿನಲ್ಲಿ: ಪಾರ್ಥಿವ ಸಂ., ೬೬ ಪು.
```

ಆ q ಎಂಬ ಅಕ್ಷರ, ಇಸವಿ ಈ ಎರಡರ ನಡುವಿನದು ಎಂದು ಹುಡುಕಾಟಕ್ಕೆ ತಿಳಿಸುತ್ತದೆ. 1945 ಎಂದು ಕೇಳಿದರೂ 1946 ಎಂದು ಕೇಳಿದರೂ ಪುಸ್ತಕ ಸಿಗಬೇಕೆಂಬುದು ಇದರ ಉದ್ದೇಶ. ಕೊನೆಯ ಸಾಲು ಯಾಕೆ ಎಂದು ಕೆಲವರು ಕೇಳಿದ್ದಾರೆ. ನಮ್ಮ ಲೆಕ್ಕ ತಪ್ಪಿದ್ದರೆ ಮುಂದಿನವರು ಎಲ್ಲಿಂದ ಎಣಿಸಬೇಕೆಂದು ಅದು ಹೇಳುತ್ತದೆ.

ಡ್ರಾಯರಿನ ತುಕ್ಕು ಹಿಡಿದ ಸರಳುಗಳನ್ನು ಕಾರ್ಡು ಹರಿಯದಂತೆ ಎಳೆದುಕೊಟ್ಟ ಬಡಗಿಗೂ, ಕಾರ್ಡಿನ ಎರಡೂ ಮಗ್ಗುಲು ಫೋಟೋ ತೆಗೆದ ಹುಡುಗಿಯರಿಗೂ ವಂದನೆಗಳು. ಹಿಂಬದಿ ಖಾಲಿ ಎಂದು ಬಿಟ್ಟಿದ್ದರೆ ಪೆನ್ಸಿಲಿನಲ್ಲಿ ಬರೆದ ‘ಕಳೆದಿದೆ’, ‘ಬೈಂಡಿಂಗಿಗೆ’ ಎಂಬುವು ಯಾವುವೂ ಸಿಗುತ್ತಿರಲಿಲ್ಲ.

ಇನ್ನು ಆ ಐದು ಜನ. ಅವರಲ್ಲಿ ನಾಲ್ಕನೆಯವರಿಗೆ ಒಂದು ಅಭ್ಯಾಸವಿತ್ತು: ತಮಗೆ ಖಾತ್ರಿಯಿಲ್ಲದ ಇಸವಿಯ ಪಕ್ಕ ಸಣ್ಣದೊಂದು ಪ್ರಶ್ನೆಚಿಹ್ನೆ. ನಾವು ಆ ಚಿಹ್ನೆಗಳನ್ನೂ ಹೊಡೆದಿದ್ದೇವೆ.

ಕಾರ್ಡುಗಳನ್ನು ರದ್ದಿಗೆ ಹಾಕುವುದಿಲ್ಲ. ಡ್ರಾಯರುಗಳು ಓದುವ ಕೋಣೆಯ ಎಡಗೋಡೆಗೇ ಇರುತ್ತವೆ, ಪ್ರತಿ ನಮೂದಿನ ಕೆಳಗೆ ಅದರ ಡ್ರಾಯರ್ ಮತ್ತು ಕಾರ್ಡಿನ ಸಂಖ್ಯೆ ಇದೆ. ತಪ್ಪು ಕಂಡರೆ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೌಂಟರಿನ ಡಬ್ಬಕ್ಕೆ ಹಾಕಿ. ಶನಿವಾರ ಸಂಜೆ ಡಬ್ಬ ತೆಗೆಯುತ್ತೇವೆ.