ಮುಖ ಬದಲಿಸಿದ ಚಿತ್ರಗಳ ಮೇಲೆ ಇನ್ನು ಮುಂದೆ ಪಟ್ಟಿ: ನಮ್ಮ ಸ್ಟುಡಿಯೋ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಈ ತಿಂಗಳಿಂದ ನಮ್ಮಲ್ಲಿ ಮುಖ ಬದಲಿಸಿ ಮಾಡಿಕೊಡುವ ಪ್ರತಿಯೊಂದು ಚಿತ್ರದಲ್ಲೂ ಗಲ್ಲದ ಸ್ವಲ್ಪ ಕೆಳಗೆ, ಎದೆಯ ಮೇಲೆ ಒಂದು ಕಪ್ಪು ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಬಿಳಿ ಅಕ್ಷರದಲ್ಲಿ ‘ಮುಖ ಬದಲಿಸಿದ ಚಿತ್ರ, ತಮಾಷೆಗೆ’ ಎಂದೋ, ವೇಷದ ಚಿತ್ರಗಳಾದರೆ ‘ಮುಖ ಬದಲಿಸಿದ ಚಿತ್ರ, ಕಲೆಗಾಗಿ’ ಎಂದೋ ಬರೆದಿರುತ್ತದೆ. ಮಗುವಿನ ಮುಖವನ್ನು ಬಾಲಕೃಷ್ಣನಿಗೆ ಇಟ್ಟದ್ದು, ಮದುಮಗನನ್ನು ಮೈಸೂರು ಪೇಟದ ರಾಜನನ್ನಾಗಿ ಮಾಡಿದ್ದು, ನಿವೃತ್ತರಾಗುವ ಮೇಷ್ಟ್ರನ್ನು ಕ್ರಿಕೆಟ್ ಜೆರ್ಸಿಯಲ್ಲಿ ನಿಲ್ಲಿಸಿದ್ದು, ಎಲ್ಲಕ್ಕೂ ಇದೇ ನಿಯಮ. ಪಟ್ಟಿಗೆ ಬೇರೆ ದುಡ್ಡಿಲ್ಲ. ಮುಂದೆ ಹೇಳಿರುವ ಒಂದು ಸಂದರ್ಭ ಬಿಟ್ಟರೆ ಪಟ್ಟಿ ಇಲ್ಲದ ಕಾಪಿಯೂ ಇಲ್ಲ.

ಮೊದಲೂ ನಾವು ಬರೆಯುತ್ತಿದ್ದೆವು. ಬಲಗಡೆ ಕೆಳಮೂಲೆಯಲ್ಲಿ ಸಣ್ಣದಾಗಿ ‘ಎಡಿಟೆಡ್’ ಎಂದು ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆವು. ಅದು ಸಾಲದು ಎಂದು ತಿಳಿದದ್ದು ಒಂದು ಮದುವೆಯಿಂದ.

ಹುಡುಗ ಸೊಸೈಟಿಯೊಂದರಲ್ಲಿ ಗುಮಾಸ್ತ. ಅವನ ಗೆಳೆಯರು ಬಂದು ಅವನ ಮುಖವನ್ನು ಪಿಎಸ್‌ಐ ಡ್ರೆಸ್ಸಿಗೆ ಕೂರಿಸಿಕೊಡಿ ಎಂದರು. ಮದುವೆ ಹಿಂದಿನ ರಾತ್ರಿ ಚಪ್ಪರದಲ್ಲಿ ನಗುವುದಕ್ಕೆ ಅಷ್ಟೆ. ಚಿತ್ರ ಚೆನ್ನಾಗಿಯೇ ಬಂತು, ನಮಗೂ ಖುಷಿಯಾಯಿತು. ಚಪ್ಪರದಲ್ಲಿದ್ದವರೆಲ್ಲ ನಕ್ಕರು. ಆದರೆ ಹುಡುಗನ ಚಿಕ್ಕಪ್ಪ ಅದನ್ನು ತನ್ನ ವಾಟ್ಸ್ಆ್ಯಪ್ ಡಿಪಿ ಮಾಡಿಕೊಂಡರು. ನಾಲ್ಕು ದಿನದಲ್ಲಿ ಹೆಣ್ಣಿನ ಕಡೆಯ ಹಿರಿಯರೊಬ್ಬರ ಫೋನ್ ಬಂತು: ‘ಡಿಪಾರ್ಟ್‌ಮೆಂಟ್ ಸೇರಿದ್ದು ನಮಗೆ ಹೇಳಲೇ ಇಲ್ಲವಲ್ಲ?’ ಇನ್ನೊಬ್ಬರು ಬೇಲಿ ತಕರಾರು ಹಿಡಿದುಕೊಂಡು ಮನೆಗೇ ಬಂದರು. ನಿಜ ಗೊತ್ತಾದ ಮೇಲೆ ಮಾತು ಇನ್ನೊಂದು ದಿಕ್ಕಿಗೆ ಹೋಯಿತು. ಸುಳ್ಳು ಹೇಳಿ ಹೆಣ್ಣು ತಂದರು ಎಂದು ಯಾರೋ ಆಡಿದರು, ಅದು ಹುಡುಗಿಯ ಕಿವಿಗೂ ಬಿತ್ತು.

ಹುಡುಗ ನಮ್ಮ ಅಂಗಡಿಗೆ ಬಂದ. ಜಗಳಕ್ಕೇನೂ ಬಂದಿರಲಿಲ್ಲ, ಪಾಪ. ‘ಅಣ್ಣಾ, ತಮಾಷೆ ಅಂತ ಒಂದು ಮಾತು ಬರೆದಿದ್ರೆ ಸಾಕಿತ್ತು’ ಎಂದ. ಬರೆದಿದ್ದೇವಲ್ಲ ಎಂದು ಕಂಪ್ಯೂಟರಿನಲ್ಲಿ ತೋರಿಸಿದೆ. ಅವನು ಮೊಬೈಲ್ ತೆಗೆದು ಚಿಕ್ಕಪ್ಪನ ಡಿಪಿ ತೋರಿಸಿದ. ಅದರಲ್ಲಿ ನಮ್ಮ ಅಕ್ಷರ ಇರಲೇ ಇಲ್ಲ.

ಆವತ್ತು ಅಂಗಡಿ ಮುಚ್ಚಿದ ಮೇಲೆ ಲೆಕ್ಕ ಹಾಕುತ್ತಾ ಕೂತೆವು. ನಾವು ಕೊಟ್ಟ ಚಿತ್ರ 2400 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ. ಡಿಪಿಗೆ ಚೌಕ ಬೇಕು, ಹಾಗಾಗಿ 600 ಪಿಕ್ಸೆಲ್ ಎತ್ತರ ಹೋಗಲೇಬೇಕು. ಮುಖ ಮೇಲಿರುವುದರಿಂದ ಯಾರೇ ಆದರೂ ಕೆಳಗಿನದನ್ನೇ ಬಿಡುತ್ತಾರೆ. ನಮ್ಮ ‘ಎಡಿಟೆಡ್’ ಕೆಳ ಅಂಚಿನಿಂದ 40 ಪಿಕ್ಸೆಲ್ ಮೇಲಿತ್ತು, ಅಲ್ಲಿಗೇ ಹೋಯಿತು. ಅಕಸ್ಮಾತ್ ಉಳಿದಿದ್ದರೂ ಚೌಕವನ್ನು ದುಂಡಗೆ ಮಾಡುವಾಗ ನಾಲ್ಕು ಮೂಲೆಯೂ ಕಾಣೆಯಾಗುತ್ತವೆ. ಇನ್ನು ಪೂರ್ತಿ ಚಿತ್ರ ನೋಡಿದವರ ಕಥೆ: ಅಕ್ಷರದ ಎತ್ತರ 36 ಪಿಕ್ಸೆಲ್. ಆರೂವರೆ ಸೆಂಟಿಮೀಟರ್ ಅಗಲದ ಮೊಬೈಲಿನಲ್ಲಿ ಅದು ಒಂದು ಮಿಲಿಮೀಟರಿನಷ್ಟೂ ಆಗುವುದಿಲ್ಲ. ಔಷಧಿ ಡಬ್ಬದ ಮೇಲಿನ ಸಣ್ಣ ಅಕ್ಷರವೇ ಅದಕ್ಕಿಂತ ದೊಡ್ಡದು.

ಈಗ ಅಕ್ಷರ 84 ಪಿಕ್ಸೆಲ್. ಅದೇ ಮೊಬೈಲಿನಲ್ಲಿ ಎರಡು ಮಿಲಿಮೀಟರಿಗೆ ಮೇಲೆ ಬರುತ್ತದೆ, ಕನ್ನಡಕ ಮರೆತವರೂ ತುಸು ದೂರ ಹಿಡಿದು ಓದಬಹುದು. ಬರೀ ಬಿಳಿ ಅಕ್ಷರ ಬಿಳಿ ಅಂಗಿಯ ಮೇಲೆ, ಪಂಚೆಯ ಮೇಲೆ ಕರಗಿಹೋಗುತ್ತದೆ, ಅದಕ್ಕೇ ಹಿಂದೆ ಕಪ್ಪು ಪಟ್ಟಿ. ಪಟ್ಟಿ ದಪ್ಪಗಿದೆ ಎಂದು ಕೆಲವರು ಹೇಳಿದ್ದೀರಿ. ಇಂಗ್ಲಿಷ್ ಅಕ್ಷರವಾಗಿದ್ದರೆ ಸಣ್ಣ ಪಟ್ಟಿ ಸಾಕಿತ್ತು. ನಮ್ಮ ಭಾಷೆಯಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ, ಪಟ್ಟಿಗೆ ಅಕ್ಷರದ ಎರಡರಷ್ಟು ಎತ್ತರ ಕೊಡದಿದ್ದರೆ ‘ಚಿತ್ರ’ದ ಕಾಲು ಮುರಿಯುತ್ತದೆ. (ಮೊದಲ ವಾರ ಪಟ್ಟಿ ಹಾಕಿಸಿಕೊಂಡವರ ಚಿತ್ರಗಳಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಬಿದ್ದಿದ್ದವು. ಫೋಟೋಶಾಪಿನಲ್ಲಿ ಕನ್ನಡ ಕೂಡಿ ಬರಲು ಒಂದು ಸೆಟ್ಟಿಂಗ್ ಬದಲಿಸಬೇಕಿತ್ತು, ನಮ್ಮ ಹುಡುಗ ಮರೆತಿದ್ದ. ಅವರೆಲ್ಲ ಬಂದು ಸರಿಮಾಡಿಸಿಕೊಂಡು ಹೋಗಿ.)

‘ಎಡಿಟೆಡ್’ ಎಂಬ ಮಾತನ್ನೇ ಏಕೆ ಬಿಟ್ಟಿರಿ ಎಂದು ಕೇಳಿದವರಿದ್ದಾರೆ. ಕೌಂಟರಿನಲ್ಲಿ ಒಬ್ಬ ಅಜ್ಜಿಗೆ ಹಳೆಯ ಚಿತ್ರ ತೋರಿಸಿ ಇದರ ಅರ್ಥವೇನು ಎಂದು ಕೇಳಿದ್ದೆ. ‘ಬೆಳ್ಳಗೆ ಮಾಡಿದ್ದೀರಿ ಅಂತ’ ಎಂದರು. ಸರಿಯಾಗಿಯೇ ಹೇಳಿದರು. ಪಾಸ್‌ಪೋರ್ಟ್ ಸೈಜಿನಿಂದ ಮದುವೆ ಆಲ್ಬಮ್‌ವರೆಗೆ ಎಡಿಟ್ ಆಗದ ಫೋಟೋ ನಮ್ಮ ಅಂಗಡಿಯಿಂದ ಹೊರಗೆ ಹೋಗುವುದೇ ಇಲ್ಲ. ಮೊಡವೆ ತೆಗೆಯುವುದು, ಬೆಳಕು ಏರಿಸುವುದು ಒಂದು, ಒಬ್ಬರ ಮೈಗೆ ಇನ್ನೊಬ್ಬರ ಮುಖ ಕೂರಿಸುವುದು ಇನ್ನೊಂದು. ಎರಡಕ್ಕೂ ಒಂದೇ ಮಾತು ಬಳಸಿದರೆ ಏನೂ ಹೇಳದಂತೆ. ಅದಕ್ಕೇ ಮಾಡಿದ ಕೆಲಸವನ್ನೇ ನೇರವಾಗಿ ಬರೆಯುತ್ತಿದ್ದೇವೆ. ಮೊಡವೆ ತೆಗೆದದ್ದಕ್ಕೆ ಪಟ್ಟಿ ಹಾಕುವುದಿಲ್ಲ, ಹೆದರಬೇಡಿ.

‘ನೋಡಿದರೆ ಗೊತ್ತಾಗುತ್ತಲ್ಲ, ಬರೆಯುವುದೇಕೆ?’ ಇದು ನಮಗೆ ಬರುವ ದೊಡ್ಡ ಆಕ್ಷೇಪ. ನಮಗೆ ಗೊತ್ತಾಗುತ್ತದೆ, ಏಕೆಂದರೆ ದೊಡ್ಡ ಪರದೆಯಲ್ಲಿ ಎಲ್ಲಿ ನೋಡಬೇಕೆಂದು ಗೊತ್ತು. ಬದಲಾಗುವುದು ಹುಬ್ಬಿನಿಂದ ಗಲ್ಲದವರೆಗಿನ ಭಾಗ ಮಾತ್ರ. ಕಿವಿ, ಕೂದಲಿನ ಅಂಚು, ಕತ್ತು, ಕೈ ಎಲ್ಲ ಮೊದಲಿನವರದೇ. ಮುಖಕ್ಕೂ ಕತ್ತಿಗೂ ಬಣ್ಣ ಹೊಂದದೆ ದವಡೆಯ ಅಂಚಿನಲ್ಲಿ ಗೆರೆ ಕಾಣಬಹುದು. ಮೂಗುತಿ ಅರ್ಧ ಕರಗಿರುತ್ತದೆ, ಕುಂಕುಮ ಚೂರು ಪಕ್ಕಕ್ಕೆ ಸರಿದಿರುತ್ತದೆ, ಕನ್ನಡಕದ ಕಡ್ಡಿ ಕಿವಿಯ ಹತ್ತಿರ ತುಂಡಾಗಿರುತ್ತದೆ. ಇನ್ನೊಂದು ಗುರುತು ಮುಖದ ನುಣುಪು. ಈ ಕೆಲಸಕ್ಕೆ ಹಲವರು ಬಳಸುವ ಸಾಮಾನ್ಯ ಎಐ ಮಾಡೆಲ್ ಒಂದಿದೆ, ಹೆಸರು `inswapper_128`. ಅದು ಮುಖವನ್ನು 128 ಪಿಕ್ಸೆಲ್ ಚೌಕದಲ್ಲಿ ತಯಾರಿಸಿ ಆಮೇಲೆ ಹಿಗ್ಗಿಸುತ್ತದೆ. ಅದಕ್ಕೇ ಅಂಗಿಯ ನೂಲು ಎಣಿಸುವಷ್ಟು ಸ್ಪಷ್ಟವಿದ್ದರೂ ಕೆನ್ನೆ ಮಾತ್ರ ಮೇಣದಂತಿರುತ್ತದೆ.

ಆದರೆ ಇದೆಲ್ಲ ಮೊಬೈಲಿಗೆ ಹೋದ ಮೇಲೆ ಉಳಿಯುವುದಿಲ್ಲ. ನಿಂತ ಭಂಗಿಯ ಚಿತ್ರ ನಾಲ್ಕು ಗುಂಪು ದಾಟಿ ಬರುವಷ್ಟರಲ್ಲಿ ಮುಖವೇ ನೂರಿನ್ನೂರು ಪಿಕ್ಸೆಲ್ ಆಗಿರುತ್ತದೆ. ಅಂಗಿಯೂ ಮುಖದಷ್ಟೇ ಮಸುಕು. ಆಗ ಹುಡುಕಲು ಮೂಗುತಿಯೂ ಇಲ್ಲ, ದವಡೆಯ ಗೆರೆಯೂ ಇಲ್ಲ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಹೆಣ್ಣುಮಗಳ ವಿಡಿಯೋಗೆ ಅಂಟಿಸಿ ಹರಿಯಬಿಟ್ಟಿದ್ದು ನಿಮಗೆ ನೆನಪಿರಬಹುದು. ಆಕೆ ಲಿಫ್ಟಿನೊಳಗೆ ಕಾಲಿಡುವ ಹೊತ್ತಿಗೆ ಒಂದು ಕ್ಷಣ ಮೂಲ ಮುಖ ಕಾಣುತ್ತದೆ, ನಿಲ್ಲಿಸಿ ನೋಡಿದವರು ಅದನ್ನು ಹಿಡಿದರು. ನಿಲ್ಲಿಸದೆ ನೋಡಿದವರೇ ಹೆಚ್ಚು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಅದನ್ನು ಮಾಡಿದವನನ್ನು ಆಂಧ್ರದಲ್ಲಿ ಹಿಡಿದರು. ಅದು ಬೇರೆ ಜಾತಿಯ ಕೆಲಸ, ನಮ್ಮ ಪೇಟದ ರಾಜನಿಗೂ ಅದಕ್ಕೂ ಹೋಲಿಕೆಯಿಲ್ಲ ಎನ್ನಬಹುದು. ಉದ್ದೇಶ ಬೇರೆ, ಕೈಚಳಕ ಮಾತ್ರ ಒಂದೇ, ಮತ್ತು ಉದ್ದೇಶ ಚಿತ್ರದಲ್ಲಿ ಕಾಣುವುದಿಲ್ಲ.

ಕಾನೂನಿನ ಮಾತು ಚುಟುಕಾಗಿ. 2026ರ ಫೆಬ್ರವರಿಯಿಂದ ಕೇಂದ್ರದ ಐಟಿ ನಿಯಮಗಳಲ್ಲಿ ಇಂಥ ಕೃತಕ ಚಿತ್ರಗಳಿಗೆ ಎದ್ದುಕಾಣುವ ಗುರುತು ಇರಬೇಕೆಂದು ಬಂದಿದೆ. ಬಣ್ಣ ಸರಿಪಡಿಸುವಂಥ ಮಾಮೂಲಿ ಕೆಲಸವನ್ನು ಹೊರಗಿಟ್ಟಿದ್ದಾರೆ. ಅದರ ಮುಖ್ಯ ಹೊಣೆ ದೊಡ್ಡ ಜಾಲತಾಣಗಳ ಮೇಲಿದೆ, ನಮ್ಮ ಕೌಂಟರಿನ ಮೇಲಲ್ಲ. ಆದರೆ ಅಪ್‌ಲೋಡ್ ಮಾಡುವಾಗ ಇದು ಕೃತಕವೇ ಎಂಬ ಪ್ರಶ್ನೆ ಬರುವುದು ನಿಮಗೆ. ಹೌದು ಎಂದೇ ಒತ್ತಿ.

ಪಟ್ಟಿಯ ಜೊತೆಗೆ ಫೈಲಿನೊಳಗೂ ಒಂದು ಗುರುತು ಸೇರಿಸುತ್ತಿದ್ದೇವೆ. `Digital Source Type` ಎಂಬ ಜಾಗದಲ್ಲಿ `compositeWithTrainedAlgorithmicMedia` ಎಂದಿರುತ್ತದೆ. ಕಣ್ಣಿಗೆ ಕಾಣದು, ಪತ್ರಿಕೆಯವರು, ಜಾಲತಾಣದವರು ಓದಬಲ್ಲರು. ಇದನ್ನೇ ನಂಬಿ ಪಟ್ಟಿ ತೆಗೆಯಿರಿ ಎನ್ನಬೇಡಿ. ವಾಟ್ಸ್ಆ್ಯಪಿನಲ್ಲಿ ಫೋಟೋ ಎಂದು ಕಳಿಸಿದ ತಕ್ಷಣ ಒಳಗಿನ ಬರಹ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಮಾತ್ರ ಉಳಿಯುತ್ತದೆ. ಸ್ಕ್ರೀನ್‌ಶಾಟ್ ಹೊಡೆದರಂತೂ ಮುಗಿಯಿತು. ಪಟ್ಟಿಗೂ ಮಿತಿಯಿದೆ: ಬರೀ ಮುಖವನ್ನು ಬಿಗಿಯಾಗಿ ಕತ್ತರಿಸಿದರೆ ಅದೂ ಹೋಗುತ್ತದೆ. ಗಲ್ಲಕ್ಕೆ ಆದಷ್ಟು ಹತ್ತಿರ ಇಟ್ಟಿರುವುದು ಅದಕ್ಕೇ. ಬೇಕೆಂದೇ ಕತ್ತರಿಸುವವನನ್ನು ತಡೆಯಲು ನಮ್ಮಿಂದಾಗದು. ಗೊತ್ತಿಲ್ಲದೆ ಕತ್ತರಿಸುವ ಚಿಕ್ಕಪ್ಪನನ್ನು ತಡೆಯಬಹುದು.

ಕಷ್ಟವಾಗಿರುವುದು ಒಂದೇ ಕಡೆ. ತೀರಿಕೊಂಡ ಅಪ್ಪನನ್ನೋ ಅಮ್ಮನನ್ನೋ ಮಗಳ ಮದುವೆಯ ಫೋಟೋದಲ್ಲಿ ಸೇರಿಸಿಕೊಡಿ ಎಂದು ಬರುವವರಿದ್ದಾರೆ. ಬೇರೊಬ್ಬರ ಮೈಗೆ ಅವರ ಮುಖ ಇಟ್ಟೇ ಅದನ್ನು ಮಾಡುವುದು. ಅಪ್ಪನ ಎದೆಯ ಮೇಲೆ ಕಪ್ಪು ಪಟ್ಟಿ ನೋಡಿ ಒಬ್ಬ ಅಮ್ಮ ಕಣ್ಣೀರು ಹಾಕಿದರು. ನಮಗೂ ಸಂಕಟವಾಯಿತು. ಅದಕ್ಕೇ ಗೋಡೆಗೆ ಹಾಕುವ ಕಟ್ಟಿನ ಫೋಟೋಕ್ಕೆ ಮಾತ್ರ ಪಟ್ಟಿ ಬಿಟ್ಟು, ಕೆಳಗಿನ ಬಿಳಿ ಅಂಚಿನಲ್ಲಿ ‘ನೆನಪಿಗಾಗಿ ಜೋಡಿಸಿದ ಚಿತ್ರ’ ಎಂದು ಬರೆಯುತ್ತೇವೆ, ಹಿಂಬದಿಯಲ್ಲಿ ತಾರೀಖು ಹಾಕುತ್ತೇವೆ. ಮನೆಗೆ ಬಂದವರಿಗೆ ವಿಷಯ ಗೊತ್ತೇ ಇರುತ್ತದೆ. ಮೊಬೈಲಿಗೆ ಕೊಡುವ ಕಾಪಿಯಲ್ಲಿ ಮಾತ್ರ ಪಟ್ಟಿ ಇರುತ್ತದೆ, ಬೇಕಾದರೆ ಬಣ್ಣವನ್ನು ಸೀರೆಗೆ ಹೊಂದುವಂತೆ ಮಾಡಿಕೊಡುತ್ತೇವೆ. ಇದು ಸರಿಯೋ ತಪ್ಪೋ, ಸದ್ಯಕ್ಕೆ ಇಷ್ಟೇ ಹೊಳೆದಿದೆ.

ಪೊಲೀಸ್, ಮಿಲಿಟರಿ ಡ್ರೆಸ್ಸಿಗೆ, ಮಂತ್ರಿಗಳ ಪಕ್ಕದಲ್ಲಿ ಕೈಕುಲುಕುವ ಚಿತ್ರಕ್ಕೆ ಇನ್ನು ಪಟ್ಟಿ ಹಾಕಿಯೂ ಮಾಡಿಕೊಡುವುದಿಲ್ಲ. ಯಾರ ಮುಖವೋ ಅವರೇ ಬಂದು ಅಥವಾ ಫೋನಿನಲ್ಲಿ ಒಪ್ಪಬೇಕು. ಮಕ್ಕಳದಾದರೆ ತಂದೆತಾಯಿ. ಮೈ ಇರುವ ಚಿತ್ರ ನಾವು ದುಡ್ಡು ಕೊಟ್ಟು ತಂದ ಟೆಂಪ್ಲೇಟೇ ಆಗಿರುತ್ತದೆ, ಗೂಗಲ್‌ನಲ್ಲಿ ಸಿಕ್ಕ ಯಾರದೋ ಫೋಟೋ ತಂದರೆ ತೆಗೆದುಕೊಳ್ಳುವುದಿಲ್ಲ. ಪಟ್ಟಿ ಬೇಡ ಎಂದು ಇಬ್ಬರು ಬೇರೆ ಅಂಗಡಿಗೆ ಹೋದರು. ಬೇಜಾರಿಲ್ಲ.

ಈ ಹಿಂದೆ ನಮ್ಮಲ್ಲಿ ಮುಖ ಬದಲಿಸಿಕೊಂಡವರು ಆರ್ಡರ್ ಚೀಟಿ ತಂದರೆ ಪಟ್ಟಿ ಹಾಕಿ ಹೊಸ ಫೈಲ್ ಉಚಿತವಾಗಿ ಕೊಡುತ್ತೇವೆ. ಚೀಟಿ ಕಳೆದಿದ್ದರೆ ಯಾವ ತಿಂಗಳು ಎಂದು ಹೇಳಿದರೂ ಸಾಕು, ಕಳೆದ ಎರಡು ವರ್ಷದ್ದು ಹಾರ್ಡ್ ಡಿಸ್ಕಿನಲ್ಲಿದೆ. ಭಾನುವಾರ ಮಧ್ಯಾಹ್ನ ಒಂದರವರೆಗೆ ಮಾತ್ರ ತೆರೆದಿರುತ್ತೇವೆ. ಆ ಹುಡುಗನ ಚಿಕ್ಕಪ್ಪ ಈಗಾಗಲೇ ಬಂದು ಹೊಸದನ್ನು ತೆಗೆದುಕೊಂಡು ಹೋಗಿದ್ದಾರೆ. ಡಿಪಿ ಮಾತ್ರ ಇನ್ನೂ ಬದಲಿಸಿಲ್ಲ, ಸಿಕ್ಕಿದವರು ಒಂದು ಮಾತು ಹೇಳಿ.

ಇಂತಿ,
ನಿಮ್ಮ ಸ್ಟುಡಿಯೋದವರು