ಗೆಳೆಯನಿಗೊಂದು ಪತ್ರ: ದೀಪದ ಪ್ರಶ್ನೆ ಮೊದಲು ಕೇಳಬೇಡ

ಪ್ರೀತಿಯ ಗೆಳೆಯಾ,

ನಿನ್ನ ಪ್ರಶ್ನೆಪಟ್ಟಿ ಓದಿದೆ. ಪ್ರಾಜೆಕ್ಟಿಗೆ, ವರ್ಷಕ್ಕೊಮ್ಮೆ ಮಾತ್ರ ಗುಡಿ ಬಾಗಿಲು ತೆಗೆಯೋ ನಮ್ಮ ಹಾಸನಾಂಬೆಯ ಭಕ್ತರೊಬ್ಬರನ್ನು ಮಾತಾಡಿಸೋಕೆ ಹೊರಟಿದ್ದೀಯ, ಖುಷಿಯಾಯ್ತು. ಆದರೆ ಮೊದಲ ಪ್ರಶ್ನೆಯನ್ನು ಅಲ್ಲಿಂದ ತೆಗೆದುಬಿಡು. "ಗರ್ಭಗುಡಿಯ ದೀಪ ವರ್ಷವಿಡೀ ಆರದೆ ಉರಿಯುತ್ತೆ ಅಂತ ನಂಬ್ತೀರಾ?" ಹೋದ ವರ್ಷ ನಾನೂ ಇದನ್ನೇ ಕೇಳಿ ಕೆಲಸ ಕೆಡಿಸಿಕೊಂಡಿದ್ದೆ.

ನಮ್ಮ ಬೀದಿಯ ಅಜ್ಜಿಯೊಬ್ಬರನ್ನು ಮಾತಾಡಿಸಿದ್ದೆ. ಒಂದು ವರ್ಷವೂ ದರ್ಶನ ತಪ್ಪಿಸದವರು. ದೀಪದ ಪ್ರಶ್ನೆ ಕೇಳಿದ್ದೇ ತಡ, "ಹ್ಞೂಂ" ಅಂದು ಸುಮ್ಮನಾದರು. ಆಮೇಲೆ ನನ್ನನ್ನೇ ನೋಡಿ, "ಯಾಕಪ್ಪ, ನಿಂಗೆ ನಂಬಿಕೆ ಇಲ್ವಾ?" ಅಂದರು. ಮಾತು ಅಲ್ಲಿಗೆ ನಿಂತಿತು. ಅವರು ಸಾಕ್ಷಿಕಟ್ಟೆಯಲ್ಲಿ ನಿಂತ ಹಾಗೆ, ನಾನು ವಕೀಲನ ಹಾಗೆ ಆಗಿಬಿಟ್ಟೆವು. ಹೌದು ಅಥವಾ ಇಲ್ಲ ಅಂತ ಉತ್ತರ ಬರುವ ಪ್ರಶ್ನೆ ಭಕ್ತಿಯನ್ನು ಪರೀಕ್ಷೆಗೆ ಒಡ್ಡುತ್ತೆ. "ಯಾಕೆ ಹೋಗ್ತೀರಿ?" ಅನ್ನೋದೂ ಹಾಗೇನೇ. ಕೇಳಿಸಿಕೊಂಡವರು ಸಮರ್ಥನೆ ಕೊಡೋಕೆ ಶುರು ಮಾಡ್ತಾರೆ.

ಒಂದು ವಾರ ಬಿಟ್ಟು ಮತ್ತೆ ಹೋದೆ. ಈ ಸಲ ಕೇಳಿದ್ದು ಇಷ್ಟೇ: "ಅಜ್ಜಿ, ದರ್ಶನಕ್ಕೆ ಹೋಗೋ ದಿನ ಬೆಳಗ್ಗೆ ಎದ್ದಾಗಿಂದ ಏನೇನ್ ಮಾಡ್ತೀರಿ ಹೇಳಿ." ಮುಕ್ಕಾಲು ಗಂಟೆ ಮಾತಾಡಿದರು. ತಲೆಗೆ ಎಣ್ಣೆ ಹಚ್ಚಿ ಮೀಯೋದು, ಮಡಿಲಕ್ಕಿಗೆ ಅಕ್ಕಿಯನ್ನು ಒಂದೊಂದು ಕಾಳೂ ನೋಡಿ ಆರಿಸೋದು, ಮುರಿದ ಕಾಳನ್ನು ಪಕ್ಕಕ್ಕಿಡೋದು. ಹೇಳುವಾಗ ಅವರ ಬೆರಳುಗಳು ಸೆರಗಿನ ಮೇಲೆ ಅಕ್ಕಿ ಆರಿಸುತ್ತಲೇ ಇದ್ದವು. ಅದನ್ನೂ ಬರೆದುಕೊಂಡೆ, ರೆಕಾರ್ಡಿಂಗಿನಲ್ಲಿ ಸಿಗೋದಿಲ್ಲ ನೋಡು. "ಮುರಿದ ಕಾಳು ಯಾಕಾಗಲ್ಲ?" ಅಂತ ಬಾಯಿಗೆ ಬಂದಿತ್ತು, ತಡೆದುಕೊಂಡೆ. "ಮುರಿದಿದ್ದನ್ನ ಏನ್ ಮಾಡ್ತೀರಿ?" ಅಂದೆ. ಅಲ್ಲಿಂದ ಅವರ ಅತ್ತೆ ಹೇಳಿಕೊಟ್ಟಿದ್ದು, ಅಲ್ಲಿಂದ ಸೊಸೆ ಕಲ್ಲಿನ ಕಥೆ. ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತೆ ಅಂತಾರಲ್ಲ, ಅದು. ದೀಪದ ಮಾತೂ ಕೊನೆಗೆ ತಾನಾಗಿಯೇ ಬಂತು. ನಾನು ಕೇಳಲೇ ಇಲ್ಲ. "ಅಮ್ಮ ಒಳಗಿದ್ದಾಳೆ ಅಂದಮೇಲೆ ಕತ್ತಲಲ್ಲಿ ಬಿಡ್ತಾರೇನಪ್ಪ?" ಅಂದರು. ನನ್ನ ಇಡೀ ಪ್ರಾಜೆಕ್ಟಿನಲ್ಲಿ ತೂಕದ ಸಾಲು ಅದೇ. ದೀಪ ಉರಿಯುತ್ತಾ ಇಲ್ವಾ ಅನ್ನೋದಲ್ಲ ಅವರ ಪ್ರಶ್ನೆ, ಅಲ್ವಾ?

ಒಪ್ಪಿಗೆಯ ವಿಷಯ. ಗೈಡು ಕೊಡೋ ಒಪ್ಪಿಗೆ ಪತ್ರಕ್ಕೆ ಅಜ್ಜಿ ಸಹಿ ಹಾಕಿಕೊಡ್ತಾರೆ, ಆದರೆ ಓದೋದಿಲ್ಲ. ಅದಕ್ಕೇ ಬಾಯಲ್ಲಿ ಹೇಳು. ಇದು ಕಾಲೇಜಿನ ಪ್ರಾಜೆಕ್ಟು, ಮೇಷ್ಟ್ರು ಮತ್ತು ಕ್ಲಾಸಿನವರು ಓದ್ತಾರೆ, ನಿಮ್ಮ ಮಾತು ಮೊಬೈಲಲ್ಲಿ ರೆಕಾರ್ಡ್ ಆಗುತ್ತೆ, ಬೇಡ ಅನಿಸಿದ ಪ್ರಶ್ನೆ ಬಿಡಬಹುದು, ಇಂಥಾ ತಾರೀಖಿನೊಳಗೆ ಹೇಳಿದರೆ ಎಲ್ಲಾ ಅಳಿಸಿಬಿಡ್ತೀನಿ. ಇಷ್ಟು ಹೇಳಿ, ಅವರು "ಆಗಲಿ" ಅಂದಮೇಲೆ ರೆಕಾರ್ಡಿಂಗ್ ಶುರು ಮಾಡಿ, ಆ "ಆಗಲಿ"ಯನ್ನು ಇನ್ನೊಮ್ಮೆ ಹೇಳಿಸು. ನಿನಗೆ ನಂಬಿಕೆ ಇದೆಯಾ ಅಂತ ಕೇಳಿದರೆ ಸುಳ್ಳು ಹೇಳಬೇಡ, ವಾದಕ್ಕೂ ಇಳಿಯಬೇಡ. "ನಂಗೆ ಗೊತ್ತಿಲ್ಲ ಅಜ್ಜಿ, ನಿಮಗೆ ಹೆಂಗೆ ಕಾಣುತ್ತೆ ಅಂತ ತಿಳ್ಕೊಳ್ಳೋಕೆ ಬಂದೆ" ಅಂದಿದ್ದೆ ನಾನು. ಅದು ನಿಜವೇ ಆಗಿತ್ತು.

ಕಷ್ಟವಾದದ್ದು ಇನ್ನೊಂದು. ಮಧ್ಯದಲ್ಲಿ ಅವರು ಸೊಸೆಯ ಮಕ್ಕಳ ವಿಷಯವಾಗಿ ಹೊತ್ತ ಹರಕೆ ಹೇಳಿದರು. ಕಣ್ಣಲ್ಲಿ ನೀರು. ಆ ಭಾಗ ಓದಿದರೆ ಯಾರಿಗಾದರೂ ಮನಸ್ಸು ತಟ್ಟುತ್ತೆ. ಆದರೆ ಅದು ಸೊಸೆಯ ಬದುಕು, ಒಪ್ಪಿಗೆ ಕೊಟ್ಟಿದ್ದು ಅತ್ತೆ ಮಾತ್ರ. ತಕ್ಷಣ ರೆಕಾರ್ಡಿಂಗ್ ನಿಲ್ಲಿಸಿ, ನೀರು ತಂದುಕೊಟ್ಟು ಸುಮ್ನೆ ಕೂತೆ. ಆಮೇಲೆ ಆ ಭಾಗ ಅಳಿಸಿದೆ, ವರದಿಯಲ್ಲಿ "ಮನೆಯ ಒಂದು ಹರಕೆ" ಅಂತಷ್ಟೇ ಬರೆದೆ. ಬರೀ ಹೆಸರು ಬದಲಿಸಿದರೆ ಸಾಲದು ಮಾರಾಯಾ. ನಮ್ಮೂರಲ್ಲಿ ಬೀದಿ, ವಯಸ್ಸು, ಮಕ್ಕಳೆಷ್ಟು ಅಂತ ಬರೆದರೆ ಹೆಸರು ಬೇಕೇ ಆಗಲ್ಲ.

ಬಾಗಿಲು ತೆಗೆಯೋದು ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ದೀಪಾವಳಿ ಕಳೆಯುತ್ತಲೇ ಮುಚ್ಚುತ್ತಾರೆ. ಆ ದಿನಗಳಲ್ಲಿ ಸಾಲಿನಲ್ಲಿ ನಿಂತವರನ್ನು ಹಿಡಿದು ಕೇಳಬೇಡ, ಅವರ ಮನಸ್ಸೆಲ್ಲಾ ಒಳಗಿರುತ್ತೆ. ಮುಚ್ಚಿದ ಮೇಲೆ ಮನೆಗೆ ಹೋಗು. ಮುಗಿಸೋ ಮುಂಚೆ "ನಾನು ಕೇಳಬೇಕಾಗಿದ್ದು ಏನಾದರೂ ಬಿಟ್ಟೆನಾ?" ಅಂತ ಕೇಳಿ, ಕಾದು ನೋಡು. ಹತ್ತು ಸೆಕೆಂಡು ಜಾಸ್ತಿ ಅನಿಸುತ್ತೆ, ಆದರೂ ಕಾಯಿ.

ಪಟ್ಟಿಯನ್ನು ಆರು ಪ್ರಶ್ನೆಗೆ ಇಳಿಸಿ ಕಳಿಸು. ಭಾನುವಾರ ನಮ್ಮಮ್ಮನಿಗೆ ಒಂದೊಂದಾಗಿ ಕೇಳಿ ನೋಡ್ತೀನಿ. ಅವಳು "ಅಂದ್ರೆ?" ಅಂದ ಪ್ರಶ್ನೆಗಳಿಗೆಲ್ಲಾ ಗುರುತು ಹಾಕಿ ವಾಪಸ್ ಕಳಿಸ್ತೀನಿ.

ನಿನ್ನ ಗೆಳೆಯ,
ಹಾಸನದಿಂದ