ಸ್ವರಜ್ಞಾನದ ಅಭ್ಯಾಸ: ಈ ವಾರಕ್ಕೆ

ಎಲ್ಲರಿಗೂ ನಮಸ್ಕಾರ. ಈ ವಯಸ್ಸಿನಲ್ಲಿ ಪರ್ಫೆಕ್ಟ್ ಪಿಚ್ ಬರುತ್ತಾ ಅಂತ ಕೆಲವರು ಕೇಳಿದ್ದೀರಿ. ಶ್ರುತಿಯ ಆಸರೆ ಇಲ್ಲದೆ ಹಾರ್ನ್ ಶಬ್ದ ಕೇಳಿಯೂ "ಇದು ಜಿ" ಎನ್ನುವ ಶಕ್ತಿ ಅದು. ಸಾಮಾನ್ಯವಾಗಿ ಎಳವೆಯಲ್ಲೇ ಸಂಗೀತ ಕಲಿತವರಲ್ಲಿ ಕಾಣುತ್ತದೆ. ದೊಡ್ಡವರು ತಿಂಗಳುಗಟ್ಟಲೆ ಸಾಧಿಸಿದರೆ ಸ್ವಲ್ಪ ಸುಧಾರಿಸಬಹುದು, ಆದರೆ ಆ ವೇಗ, ಆ ಖಚಿತತೆ ಬರುವುದು ಅಪರೂಪ. ಅದರ ಹಿಂದೆ ಬೀಳಬೇಡಿ.

ನಮಗೆ ಬೇಕಾದದ್ದು ರಿಲೇಟಿವ್ ಪಿಚ್, ಅಂದರೆ ಷಡ್ಜದಿಂದ ಸ್ವರ ಎಷ್ಟು ದೂರದಲ್ಲಿದೆ ಎಂಬ ಅರಿವು. ನಮ್ಮ ಷಡ್ಜ ಯಾವ ಶ್ರುತಿಯಲ್ಲಾದರೂ ಕೂರುತ್ತದಲ್ಲ! ಇದನ್ನು ಯಾವ ವಯಸ್ಸಿನಲ್ಲೂ ಬೆಳೆಸಬಹುದು.

ತಂಬೂರಿ ಆ್ಯಪ್ ಹಾಕಿ, ಸ ಹಾಡಿ, ನಿಲ್ಲಿಸಿ. ನಡುವಿನ ರಿ ಮನಸ್ಸಿನಲ್ಲೂ ಬೇಡ, ನೇರ ಶಂಕರಾಭರಣದ ಗ ಹಿಡಿದು ಕೀಬೋರ್ಡಿನಲ್ಲಿ ಪರೀಕ್ಷಿಸಿ: ಷಡ್ಜದ ಕೀ ಬಿಟ್ಟು ಮೇಲಕ್ಕೆ ನಾಲ್ಕನೇ ಕೀ, ಕಪ್ಪು ಬಿಳಿ ಎರಡೂ ಎಣಿಸಿ. ಆಮೇಲೆ ಖರಹರಪ್ರಿಯದ ಗ, ಅದು ಮೂರನೆಯದು. ಎರಡೂ ಕೂತ ಮೇಲೆ ಶ್ರುತಿ ಬದಲಿಸಿ ಮತ್ತೆ ಹಾಡಿ. ಆಗ ತಪ್ಪಿದರೆ ನೆನಪಿನಲ್ಲಿದ್ದದ್ದು ಗಂಟಲಿನ ಹಿಡಿತ, ಅಂತರ ಅಲ್ಲ. ರೆಕಾರ್ಡಿಂಗ್ ಶನಿವಾರದೊಳಗೆ ಇಲ್ಲೇ ಹಾಕಿ.